ಹೇಳುವುದು, ಹೇಳುವಿಕೆ, ಹೇಳಿಕೆ: ರೂಪ ಎಲ್ಲಿ ಮುಗಿಯುತ್ತದೆ, ಹೊಸ ಪದ ಎಲ್ಲಿ ಹುಟ್ಟುತ್ತದೆ?

ನಿಘಂಟು ಕಟ್ಟಲು ಕುಳಿತವರು ಯಾವ ಪದಕ್ಕೆ ಪ್ರತ್ಯೇಕ ನಮೂದು ಕೊಡಬೇಕು, ಯಾವುದನ್ನು ಬಿಡಬೇಕು ಎಂದು ಹೆಜ್ಜೆ ಹೆಜ್ಜೆಗೂ ತೀರ್ಮಾನಿಸಬೇಕಾಗುತ್ತದೆ. ‘ಹೇಳಿದನು’ ಎಂಬುದಕ್ಕೆ ಯಾರೂ ನಮೂದು ಕೊಡುವುದಿಲ್ಲ. ‘ಹೇಳು’ ಗೊತ್ತಿದ್ದವರಿಗೆ ಅದು ಗೊತ್ತಿದ್ದಂತೆಯೇ. ‘ಹೇಳಿಕೆ’ಗೆ ಮಾತ್ರ ನಮೂದು ಬೇಕೇ ಬೇಕು. ಸಚಿವರು ಹೇಳಿಕೆ ಕೊಟ್ಟರು, ಸಾಕ್ಷಿ ತನ್ನ ಹೇಳಿಕೆ ಬದಲಿಸಿದ ಎಂಬ ವಾಕ್ಯಗಳಲ್ಲಿ ಆ ಪದಕ್ಕಿರುವ ಅರ್ಥವನ್ನು ‘ಹೇಳು’ ಎಂಬುದರಿಂದ ಊಹಿಸಿ ತೆಗೆಯಲಾಗದು. ಇಷ್ಟರವರೆಗೆ ತಕರಾರಿಲ್ಲ. ಆದರೆ ‘ಹೇಳಿಸು’ ಎಲ್ಲಿಗೆ ಸೇರುತ್ತದೆ? ‘ಹೇಳುವುದು’? ‘ಹೇಳುವಿಕೆ’?

ಭಾಷಾವಿಜ್ಞಾನ ಈ ಎರಡು ಬಗೆಗಳಿಗೆ ಇನ್‌ಫ್ಲೆಕ್ಷನ್, ಡೆರಿವೇಷನ್ ಎಂದು ಹೆಸರಿಟ್ಟಿದೆ. ಇದ್ದ ಪದದ್ದೇ ಬೇರೆ ರೂಪವನ್ನು ಕೊಡುವುದು ಮೊದಲನೆಯದು, ಇದ್ದ ಪದದಿಂದ ಇನ್ನೊಂದು ಪದವನ್ನು ಹುಟ್ಟಿಸುವುದು ಎರಡನೆಯದು. ಈ ಲೇಖನದ ಮಟ್ಟಿಗೆ ಅವನ್ನು ರೂಪಸಾಧನೆ, ಪದಸಾಧನೆ ಎಂದು ಕರೆಯೋಣ. ವ್ಯಾಖ್ಯೆ ಕೇಳಲು ಸರಳವಾಗಿದೆ. ಆದರೆ ‘ಅದೇ ಪದ’ ಎಂದರೇನು, ‘ಇನ್ನೊಂದು ಪದ’ ಎಂದರೇನು ಎಂದು ಕೇಳಿದ ಕೂಡಲೇ ವ್ಯಾಖ್ಯೆ ಸುತ್ತು ಹೊಡೆಯತೊಡಗುತ್ತದೆ: ಅದೇ ಪದ ಏಕೆ? ರೂಪ ಮಾತ್ರ ಬದಲಾಗಿರುವುದರಿಂದ. ರೂಪ ಮಾತ್ರ ಬದಲಾಗಿದೆ ಎಂದು ಹೇಗೆ ಗೊತ್ತು? ಅದೇ ಪದವಾಗಿರುವುದರಿಂದ. ಈ ಸುತ್ತಿನಿಂದ ಹೊರಬರಲು ಭಾಷಾವಿಜ್ಞಾನಿಗಳು ಹಲವು ಪರೀಕ್ಷೆಗಳನ್ನು ಹೂಡಿದ್ದಾರೆ. ಪರೀಕ್ಷೆಗಳು ಕೆಲಸಕ್ಕೆ ಬಾರದವೇನಲ್ಲ, ಆದರೆ ಅವು ಎಲ್ಲ ಸಲವೂ ಒಂದೇ ತೀರ್ಪು ಕೊಡುವುದಿಲ್ಲ. ಅವು ಎಲ್ಲಿ ಒಡೆದು ಬೇರೆಯಾಗುತ್ತವೆ ಎಂಬುದರಲ್ಲೇ ಕಲಿಯುವುದು ಹೆಚ್ಚಿದೆ. ಅದನ್ನು ನೋಡಲು ಕನ್ನಡದ ‘-ಇಸು’ ಪ್ರತ್ಯಯದಷ್ಟು ಅನುಕೂಲವಾದ ಜಾಗ ನನಗೆ ಇನ್ನೊಂದು ಕಂಡಿಲ್ಲ.

‘-ಇಸು’ವಿನ ವಿಚಾರಣೆ

ಮೊದಲಿಗೆ ಒಂದು ಗೊಂದಲ ಕಳೆಯಬೇಕು. ‘ಪ್ರೀತಿಸು’, ‘ಆರಂಭಿಸು’, ‘ಬಣ್ಣಿಸು’ ಇವುಗಳಲ್ಲಿ ‘-ಇಸು’ ಅಂಟಿರುವುದು ನಾಮಪದಕ್ಕೆ. ಅದು ನಾಮಪದವನ್ನು ಕ್ರಿಯಾಪದವಾಗಿಸುವ ಪದಸಾಧನೆ, ಅದರ ಬಗ್ಗೆ ಯಾರದೂ ಜಗಳವಿಲ್ಲ. ನಮಗೆ ಬೇಕಾಗಿರುವುದು ಕ್ರಿಯಾಪದಕ್ಕೇ ಅಂಟಿ ‘ಇನ್ನೊಬ್ಬರಿಂದ ಮಾಡಿಸು’ ಎಂಬ ಅರ್ಥ ತರುವ, ಶಾಲೆಯ ವ್ಯಾಕರಣ ಪ್ರೇರಣಾರ್ಥಕ ಎನ್ನುವ ‘-ಇಸು’: ಮಾಡು–ಮಾಡಿಸು, ಬರೆ–ಬರೆಸು, ಮಲಗು–ಮಲಗಿಸು. ಎರಡೂ ಒಂದೇ ದನಿಯಲ್ಲಿರುವುದರಿಂದ ಉದಾಹರಣೆಗಳನ್ನು ಒಟ್ಟಿಗೆ ಕಲಸಿಬಿಡುವುದು ಈ ಚರ್ಚೆಯಲ್ಲಿ ತೀರ ಸಾಮಾನ್ಯವಾದ ಎಡವಟ್ಟು.

ಮೊದಲ ಪರೀಕ್ಷೆ, ವ್ಯಾಕರಣ ಅದನ್ನು ಕೇಳುತ್ತದೆಯೇ ಎಂಬುದು. ಸ್ಟೀಫನ್ ಆಂಡರ್ಸನ್ 1982ರಲ್ಲಿ ರೂಪಸಾಧನೆಯನ್ನು ಗುರುತಿಸಿದ್ದು ಹೀಗೆ: ವಾಕ್ಯರಚನೆಗೆ ಸಂಬಂಧಪಟ್ಟದ್ದು ಯಾವುದೋ ಅದೇ ರೂಪಸಾಧನೆ. ‘ಅವಳು’ ಎಂದು ವಾಕ್ಯ ಆರಂಭಿಸಿದರೆ ಕೊನೆಯಲ್ಲಿ ‘ಹೇಳಿದಳು’ ಎನ್ನಲೇಬೇಕು, ‘ಹೇಳಿದನು’ ಎನ್ನುವ ಸ್ವಾತಂತ್ರ್ಯ ನಮಗಿಲ್ಲ. ಇದು ಒತ್ತಾಯ. ‘-ಇಸು’ವನ್ನು ಯಾರು ಒತ್ತಾಯಿಸುತ್ತಾರೆ? ಮೇಲುನೋಟಕ್ಕೆ ಯಾರೂ ಇಲ್ಲ. ಆದರೆ ಈ ಪ್ರಶ್ನೆಯನ್ನು ಬರಿಗಣ್ಣಿನಿಂದ ತೀರ್ಮಾನಿಸುವ ಬದಲು ಭಾಷಾವಿಜ್ಞಾನಿಗಳು ಒಂದು ಉಪಾಯ ಬಳಸುತ್ತಾರೆ. ಪ್ರತ್ಯಯ ಹೊತ್ತ ಪದವನ್ನು ತೆಗೆದು, ಆ ಪ್ರತ್ಯಯವೇ ಇಲ್ಲದ ಸಾದಾ ಪದವೊಂದನ್ನು ಅಲ್ಲಿ ಕೂರಿಸುವುದು. ವಾಕ್ಯ ನಿಂತರೆ ಅಲ್ಲಿ ಬೇಕಾಗಿದ್ದದ್ದು ಒಂದು ಪದ ಮಾತ್ರ, ಪ್ರತ್ಯಯವಲ್ಲ. ವಾಕ್ಯ ಬಿದ್ದರೆ ಆ ಜಾಗ ಪ್ರತ್ಯಯವನ್ನೇ ಬೇಡುತ್ತಿದೆ ಎಂದರ್ಥ.

‘ತಾಯಿ ಮಗುವನ್ನು ಮಲಗಿಸಿದಳು’ ಎಂಬ ವಾಕ್ಯ ತೆಗೆದುಕೊಳ್ಳಿ. ‘ಮಲಗಿಸಿದಳು’ ಇರುವಲ್ಲಿ ‘ಎತ್ತಿದಳು’ ಎಂದು ಇಡಿ. ವಾಕ್ಯಕ್ಕೆ ಏನೂ ಆಗಲಿಲ್ಲ. ಅಂದರೆ ಆ ಜಾಗ ಕೇಳುತ್ತಿರುವುದು ಸಕರ್ಮಕ ಕ್ರಿಯಾಪದವನ್ನು. ಅದು ಹುಟ್ಟಿನಿಂದಲೇ ಸಕರ್ಮಕವೋ ‘-ಇಸು’ ಹಚ್ಚಿ ಸಕರ್ಮಕವಾದದ್ದೋ ವಾಕ್ಯಕ್ಕೆ ಬೇಕಿಲ್ಲ. ಇಲ್ಲಿ ‘-ಇಸು’ ಪದಸಾಧನೆಯ ಕಡೆಗೆ ವಾಲುತ್ತದೆ. ‘ತಾಯಿ ಮಗುವಿಗೆ ಹಾಲು ಕುಡಿಸಿದಳು’ ಎಂಬಲ್ಲಿಯೂ ಅದೇ ಕಥೆ. ‘ಕೊಟ್ಟಳು’ ಎಂಬ ಸಾದಾ ಕ್ರಿಯಾಪದ ಅದೇ ಜಾಗದಲ್ಲಿ ಆರಾಮಾಗಿ ಕೂರುತ್ತದೆ.

ಈಗ ಮೂರನೆಯ ವಾಕ್ಯ: ‘ಅಧ್ಯಾಪಕಿ ವಿದ್ಯಾರ್ಥಿಯಿಂದ ಪತ್ರ ಬರೆಸಿದಳು.’ ಬರೆದವನು ವಿದ್ಯಾರ್ಥಿ. ಅವನು ‘-ಇಂದ’ ಹೊತ್ತು ನಿಂತಿದ್ದಾನೆ. ‘ಬರೆಸಿದಳು’ ಬದಲಿಗೆ ‘ಓದಿಸಿದಳು’, ‘ಹೇಳಿಸಿದಳು’, ‘ಮಾಡಿಸಿದಳು’ ಯಾವುದನ್ನಾದರೂ ಇಡಬಹುದು, ಎಲ್ಲದರಲ್ಲೂ ‘-ಇಸು’ ಇದೆ. ಅದಿಲ್ಲದ ‘ಬರೆದಳು’ ಇಟ್ಟರೆ ವಾಕ್ಯ ಕೆಡುತ್ತದೆ. ‘ಪಡೆದಳು’ ಎಂದು ಇಟ್ಟರೆ ವಾಕ್ಯ ನಿಲ್ಲುತ್ತದೆ, ಆದರೆ ‘ವಿದ್ಯಾರ್ಥಿಯಿಂದ’ ಎಂಬುದು ಈಗ ಕೆಲಸ ಮಾಡಿದವನನ್ನು ಹೇಳುತ್ತಿಲ್ಲ, ಪತ್ರ ಎಲ್ಲಿಂದ ಬಂತು ಎಂಬುದನ್ನು ಹೇಳುತ್ತಿದೆ. ಮಾಡಿದವನನ್ನು ‘-ಇಂದ’ದಲ್ಲಿ ನಿಲ್ಲಿಸುವ ಈ ಚೌಕಟ್ಟು ‘-ಇಸು’ವನ್ನೇ ಕೇಳುತ್ತದೆ, ಸಾದಾ ಸಕರ್ಮಕಕ್ಕೆ ಬಾಗಿಲು ತೆರೆಯುವುದಿಲ್ಲ. ಅಂದರೆ ಇಲ್ಲಿ ಅದೇ ಪ್ರತ್ಯಯ ರೂಪಸಾಧನೆಯಂತೆ ನಡೆದುಕೊಳ್ಳುತ್ತಿದೆ.

ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಒಂದೇ ಪ್ರತ್ಯಯ ‘ಮಲಗು’, ‘ಕುಡಿ’ ಧಾತುಗಳ ಮೇಲೆ ಒಂದು ತೀರ್ಪು, ‘ಬರೆ’ ಧಾತುವಿನ ಮೇಲೆ ಇನ್ನೊಂದು ತೀರ್ಪು ಪಡೆಯಿತು. ಒಂದೇ ಧಾತುವನ್ನು ಹಿಡಿದು ಪರೀಕ್ಷೆ ಮಾಡಿದವರಿಗೆ ಈ ಒಡಕು ಕಾಣುವುದೇ ಇಲ್ಲ. ಮಲಗಿಸುವವರು ಒಂದು ಪ್ರಬಂಧ ಬರೆಯುತ್ತಾರೆ, ಬರೆಸುವವರು ಅದನ್ನು ಖಂಡಿಸಿ ಇನ್ನೊಂದು ಬರೆಯುತ್ತಾರೆ.

ಎರಡನೆಯ ಪರೀಕ್ಷೆ ವ್ಯಾಪ್ತಿಯದು. ರೂಪಸಾಧನೆ ಆ ವರ್ಗದ ಎಲ್ಲ ಪದಗಳಿಗೂ ಹಬ್ಬುತ್ತದೆ, ಪದಸಾಧನೆ ಅಲ್ಲಲ್ಲಿ ನಿಲ್ಲುತ್ತದೆ ಎನ್ನುತ್ತಾರೆ. ‘-ಇಸು’ ಬಹಳ ದೂರ ಹಬ್ಬುತ್ತದೆ, ಆದರೆ ಪೂರ್ತಿಯಲ್ಲ. ‘ಬರಿಸು’ ಕಣ್ಣೀರಿಗೆ, ನಗುವಿಗೆ, ನಿದ್ದೆಗೆ ಸಲ್ಲುತ್ತದೆ. ಮನುಷ್ಯರನ್ನು ಬರಿಸುವುದಿಲ್ಲ, ಕರೆಸುತ್ತೇವೆ ಅಥವಾ ಬರಮಾಡಿಕೊಳ್ಳುತ್ತೇವೆ. ‘ಹೋಗಿಸು’ ಎಂದು ಬರೆಯುವವರು ಅಪರೂಪ, ಆ ಕೆಲಸವನ್ನು ‘ಕಳುಹಿಸು’ ಮಾಡುತ್ತದೆ. ಹಾಗಾದರೆ ಇದು ಪದಸಾಧನೆಯೇ ಎಂದು ಕೈತೊಳೆದುಕೊಳ್ಳುವ ಮುನ್ನ ರೂಪಸಾಧನೆಯಲ್ಲೂ ಇಂಥ ಖಾಲಿ ಜಾಗಗಳಿವೆ ಎಂಬುದನ್ನು ನೋಡಬೇಕು. ‘ಬೇಕು’, ‘ಸಾಕು’, ‘ಉಂಟು’ ಇವುಗಳಿಗೆ ಭೂತಕಾಲದ ರೂಪವೇ ಇಲ್ಲ, ‘ಬೇಕಾಯಿತು’ ಎಂದು ಇನ್ನೊಂದು ಕ್ರಿಯಾಪದದ ಆಸರೆ ಬೇಕು. ರಷ್ಯನ್ ಭಾಷೆಯಲ್ಲಿ ‘ಗೆಲ್ಲು’ ಎಂಬರ್ಥದ ‘ಪೊಬೆದಿತ್’ ಧಾತುವಿಗೆ ‘ನಾನು ಗೆಲ್ಲುತ್ತೇನೆ’ ಎಂದು ಒಂದೇ ಪದದಲ್ಲಿ ಹೇಳುವ ಒಪ್ಪಿತ ರೂಪವಿಲ್ಲ. ಹೀಗಾಗಿ ಖಾಲಿ ಜಾಗ ಇದೆಯೇ ಎಂದು ಕೇಳುವುದಕ್ಕಿಂತ ಎಷ್ಟು ಪಾಲು ಖಾಲಿ ಎಂದು ಕೇಳಬೇಕಾಗುತ್ತದೆ. ಅದನ್ನು ಕೇಳಿದ ಗಳಿಗೆಯಲ್ಲೇ ಪರೀಕ್ಷೆ ಹೌದು–ಅಲ್ಲ ಎಂಬುದನ್ನು ಬಿಟ್ಟು ಹೆಚ್ಚು–ಕಡಿಮೆ ಎಂಬುದಕ್ಕೆ ಇಳಿಯಿತು.

‘ಕಳುಹಿಸು’ ಇನ್ನೊಂದು ತೊಡಕನ್ನೂ ಎತ್ತುತ್ತದೆ. ‘ಬೀಳು’ ಎಂಬುದರ ಭೂತಕಾಲ ‘ಬೀಳಿದನು’ ಅಲ್ಲ, ‘ಬಿದ್ದನು’. ಇದನ್ನು ನಾವು ಅನಿಯತ ರೂಪ ಎನ್ನುತ್ತೇವೆ, ಬೇರೆ ಪದ ಎನ್ನುವುದಿಲ್ಲ. ‘ಹೋಗು’ ಎಂಬುದರ ಪ್ರೇರಣಾರ್ಥಕವನ್ನು ಕೇಳಿದಾಗ ‘ಕಳುಹಿಸು’ ಎಂದರೆ ಮಾತ್ರ ಅದು ಬೇರೆ ಪದವೇ ಹೊರತು ಅನಿಯತ ರೂಪವಲ್ಲ ಎನ್ನುತ್ತೇವೆ. ಏಕೆ? ದನಿ ದೂರವಾಯಿತು ಎಂಬ ಕಾರಣ ಸಾಲದು. ಇಂಗ್ಲಿಷಿನ ‘ಗೋ’, ‘ವೆಂಟ್’ ನಡುವೆಯೂ ದನಿಯ ನಂಟಿಲ್ಲ, ಆದರೂ ಅವು ಒಂದೇ ಪದದ ರೂಪಗಳೆಂದು ಎಲ್ಲರೂ ಒಪ್ಪುತ್ತಾರೆ. ನಿಜ ಸಂಗತಿ ಏನೆಂದರೆ ಭೂತಕಾಲಕ್ಕೆ ಒಂದು ಖಾನೆ ಇದ್ದೇ ಇದೆ ಎಂದು ನಾವು ಮೊದಲೇ ನಂಬಿದ್ದೇವೆ, ಪ್ರೇರಣಾರ್ಥಕಕ್ಕೆ ಹಾಗೆ ನಂಬಿಲ್ಲ. ಅಂದರೆ ‘ಅನಿಯತ ರೂಪ’ ಎಂಬ ಸಾಕ್ಷ್ಯ ತೀರ್ಪು ಬಂದ ಮೇಲೆ ತಯಾರಾದದ್ದು. ಅದನ್ನು ತೀರ್ಪಿಗೆ ಆಧಾರವಾಗಿ ಬಳಸುವ ಹಾಗಿಲ್ಲ.

ಮೂರನೆಯ ಪರೀಕ್ಷೆಯಲ್ಲಿ ‘-ಇಸು’ ಸಾಕಷ್ಟು ಅಂಕ ಕಳೆದುಕೊಳ್ಳುತ್ತದೆ. ಅರ್ಥ ಊಹೆಗೆ ಸಿಗುತ್ತದೆಯೇ ಎಂಬುದು ಆ ಪರೀಕ್ಷೆ. ‘ಬರೆಸು’, ‘ಓದಿಸು’, ‘ತರಿಸು’ ನಿರೀಕ್ಷೆಯಂತೆಯೇ ಇವೆ. ‘ಕಾಣಿಸು’ ಹಾಗಲ್ಲ. ನಿಯಮದ ಪ್ರಕಾರ ಅದು ‘ಕಾಣುವಂತೆ ಮಾಡು’ ಆಗಬೇಕಿತ್ತು, ಆದರೆ ‘ದೂರದಲ್ಲಿ ಗುಡ್ಡ ಕಾಣಿಸಿತು’ ಎಂಬಲ್ಲಿ ಯಾರೂ ಯಾರಿಂದಲೂ ಏನನ್ನೂ ಮಾಡಿಸುತ್ತಿಲ್ಲ. ‘ನನಗೆ ಹಾಡು ಕೇಳಿಸಿತು’, ‘ನನಗೆ ಹಾಗನಿಸಿತು’ ಇವೂ ಅದೇ ಗುಂಪು: ಕರ್ತೃವನ್ನು ಸೇರಿಸಬೇಕಾದ ಪ್ರತ್ಯಯ ಇಲ್ಲಿ ಅನುಭವಿಸುವವನನ್ನು ‘ನನಗೆ’ ಎಂದು ಪಕ್ಕಕ್ಕೆ ಸರಿಸಿದೆ. ‘ನಡೆಸು’ ಇನ್ನೊಂದು ದಾರಿ ಹಿಡಿದು ಸಂಸ್ಥೆ, ಸಭೆ, ವ್ಯಾಪಾರಗಳತ್ತ ಹೋಗಿದೆ. ಈ ಪದಗಳು ನಿಘಂಟಿನಲ್ಲಿ ಸ್ವಂತ ಜಾಗ ಪಡೆಯಲೇಬೇಕು, ‘ಓದಿಸು’ ಪಡೆಯದಿದ್ದರೂ ನಷ್ಟವಿಲ್ಲ.

ಈ ಪರೀಕ್ಷೆಯ ಹಿಂದೆ ಒಂದು ಸೊಗಸಾದ ಓರೆ ಇದೆ. ‘ಬಿದ್ದನು’, ‘ಎದ್ದನು’, ‘ಬಂದನು’, ‘ಕೊಟ್ಟನು’ ಇವುಗಳಲ್ಲಿ ರೂಪ ಒಂದೊಂದೂ ಒಂದೊಂದು ತೆರ, ಆದರೆ ಧಾತುವಿಗೆ ಸೇರಿದ ಅರ್ಥ ಎಲ್ಲದರಲ್ಲೂ ಒಂದೇ. ‘ನಂಬಿಕೆ’, ‘ಬೇಡಿಕೆ’, ‘ಕಲಿಕೆ’, ‘ಹೇಳಿಕೆ’ ಇವುಗಳಲ್ಲಿ ರೂಪ ಒಂದೇ, ಅರ್ಥ ಮಾತ್ರ ಒಂದೊಂದು ದಿಕ್ಕು. ರೂಪಸಾಧನೆ ರೂಪದಲ್ಲಿ ಹಟಮಾರಿಯಾಗಿದ್ದರೂ ಅರ್ಥದಲ್ಲಿ ನೆಟ್ಟಗಿರುತ್ತದೆ, ಪದಸಾಧನೆಗೆ ಬಹಳ ಸಲ ಅರ್ಥದಲ್ಲೇ ಚಪಲ. ಹೀಗೆ ರೂಪದ ಏರುಪೇರು ಮತ್ತು ಅರ್ಥದ ಏರುಪೇರನ್ನು ಬೇರೆಬೇರೆ ಅಳೆಯಬೇಕು ಎಂಬ ಯೋಚನೆಗೆ ಮುಂದೆ ಮತ್ತೆ ಬರುತ್ತೇನೆ.

ಇನ್ನು ಜಾಗದ ಪರೀಕ್ಷೆ. ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ 30 ಭಾಷೆಗಳನ್ನು ಮುಂದಿಟ್ಟುಕೊಂಡು ಪಟ್ಟಿ ಮಾಡಿದ 45 ಸಾಮಾನ್ಯ ನಿಯಮಗಳಲ್ಲಿ 28ನೆಯದು ಹೇಳುವುದು ಇದನ್ನು: ಎರಡೂ ಬಗೆಯ ಪ್ರತ್ಯಯಗಳು ಧಾತುವಿನ ಒಂದೇ ಬದಿಗೆ ಬಂದರೆ ಪದಸಾಧನೆಯ ಪ್ರತ್ಯಯ ಧಾತುವಿಗೆ ಹತ್ತಿರ, ರೂಪಸಾಧನೆಯದು ಹೊರಗೆ. ‘ಬರೆಸುತ್ತಾಳೆ’ ಎಂಬುದರಲ್ಲಿ ಬರೆ, ನಂತರ ‘-ಇಸು’, ನಂತರ ಕಾಲ, ಕೊನೆಗೆ ‘ಅವಳು’ ಎಂಬುದಕ್ಕೆ ಹೊಂದುವ ತುದಿ. ‘-ಇಸು’ ಒಳಗಡೆಯೇ ಇದೆ. ಆದರೆ ಈ ಪರೀಕ್ಷೆಯಿಂದ ಹೆಚ್ಚು ಸಿಗುವುದಿಲ್ಲ. ಕಾಲದ ಪ್ರತ್ಯಯವೂ ತುದಿಯ ಪ್ರತ್ಯಯಕ್ಕಿಂತ ಒಳಗಡೆಯೇ ಇದೆ, ಅದನ್ನು ಯಾರೂ ಪದಸಾಧನೆ ಎನ್ನುವುದಿಲ್ಲ. ಒಳಗಿರುವುದೆಲ್ಲ ಪದಸಾಧನೆಯಲ್ಲ.

ಹಳೆಯ ವ್ಯಾಕರಣ ಗೆರೆ ಎಳೆದದ್ದು ಎಲ್ಲಿ

ಇಷ್ಟೆಲ್ಲ ಕೇಳಿದವರಿಗೆ ಪಾಣಿನಿ ಏನೆನ್ನುತ್ತಿದ್ದ ಎಂಬ ಕುತೂಹಲ ಬಾರದೆ ಇರದು. ಸಂಸ್ಕೃತದ ಪ್ರೇರಣಾರ್ಥಕದ ಬಗ್ಗೆ ಅಷ್ಟಾಧ್ಯಾಯಿಯ ಉತ್ತರ ನೇರವಾಗಿದೆ. ‘ಸನಾದ್ಯಂತಾ ಧಾತವಃ’ ಎಂಬ ಸೂತ್ರ ಅಂಥ ಪ್ರತ್ಯಯ ಹೊತ್ತದ್ದನ್ನು ಮತ್ತೆ ಧಾತು ಎಂದೇ ಕರೆಯುತ್ತದೆ. ಧಾತುವಾದ ಮೇಲೆ ಕಾಲ, ಪುರುಷ, ವಚನ ಎಲ್ಲವೂ ಅದಕ್ಕೆ ಹೊಸದಾಗಿ ಹತ್ತುತ್ತವೆ. ಕನ್ನಡದ ಶಾಲಾ ವ್ಯಾಕರಣವೂ ಅದೇ ಹಾದಿಯಲ್ಲಿ ‘ಮಾಡಿಸು’ವನ್ನು ಸಾಧಿತ ಧಾತು ಎನ್ನುತ್ತದೆ.

ಆದರೆ ಪಾಣಿನೀಯ ವಿಭಜನೆ ಈಗಿನ ರೂಪಸಾಧನೆ–ಪದಸಾಧನೆಗಳ ಜೊತೆ ಗೆರೆಗೆ ಗೆರೆ ಕೂಡುವುದಿಲ್ಲ. ‘ಸುಪ್ತಿಙಂತಂ ಪದಂ’ ಎಂಬ ಸೂತ್ರ ನಾಮಕ್ಕೆ ಹತ್ತುವ ವಿಭಕ್ತಿಯನ್ನೂ ಧಾತುವಿಗೆ ಹತ್ತುವ ಆಖ್ಯಾತವನ್ನೂ ಪದವನ್ನು ಮುಗಿಸುವ ಪ್ರತ್ಯಯಗಳೆಂದು ಒಂದು ಕಡೆ ಇಡುತ್ತದೆ. ಇವು ರೂಪಸಾಧನೆಯ ಪಕ್ಕಾ ಉದಾಹರಣೆಗಳೇ. ಇನ್ನೊಂದು ಕಡೆಯಲ್ಲಿರುವ ಕೃತ್ ಪ್ರತ್ಯಯಗಳನ್ನು ಒಟ್ಟುಗೂಡಿಸುವುದು ಅವು ಧಾತುವಿಗೆ ಅಂಟಿ ನಾಮವನ್ನು ಕೊಡುತ್ತವೆ ಎಂಬ ಒಂದೇ ಅಂಶ. ಹೀಗಾಗಿ ಕನ್ನಡ ವ್ಯಾಕರಣದ ಪುಸ್ತಕಗಳಲ್ಲಿ ‘ಮಾಡುವ’, ‘ಮಾಡಿದ’, ‘ಮಾಟ’, ‘ಓದುವಿಕೆ’ ಎಲ್ಲವೂ ಕೃದಂತ ಎಂಬ ಒಂದೇ ಮನೆಯಲ್ಲಿ ವಾಸ. ‘ಮಾಡಿದ’ ಎಂಬುದು ಎಲ್ಲ ಧಾತುಗಳಿಂದಲೂ ಬರುತ್ತದೆ, ‘ಮಾಟ’ದಂಥದ್ದು ಕೆಲವೇ ಧಾತುಗಳಿಂದ ಬರುತ್ತದೆ, ಮೇಲಾಗಿ ಅದರ ಅರ್ಥ ಮಂತ್ರದ ಕಡೆ ಹೊರಳಿದೆ. ಇದನ್ನು ಹಳೆಯ ವ್ಯಾಕರಣದ ತಪ್ಪೆನ್ನಲಾಗದು. ಅದು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿತ್ತು.

ವರ್ಗ ಬದಲಾದರೂ ಪದ ಬದಲಾಗದೆ ಇರಬಹುದೆ?

ಈ ಕೃದಂತದ ಮನೆಯೊಳಗೇ ಪಠ್ಯಪುಸ್ತಕಗಳ ಅತಿ ಜನಪ್ರಿಯ ಪರೀಕ್ಷೆ ಮುಗ್ಗರಿಸುತ್ತದೆ. ಪದವರ್ಗ ಬದಲಾದರೆ ಪದಸಾಧನೆ, ಬದಲಾಗದಿದ್ದರೆ ರೂಪಸಾಧನೆ ಎಂಬುದು ಆ ಪರೀಕ್ಷೆ. ಕಲಿಸಲು ಸುಲಭ, ಆದ್ದರಿಂದಲೇ ಬಹುಕಾಲ ಬಾಳಿದೆ. ‘-ಇಸು’ ಕ್ರಿಯೆಯಿಂದ ಕ್ರಿಯೆಗೆ ಹೋಗುವುದರಿಂದ ಇದರ ಪ್ರಕಾರ ರೂಪಸಾಧನೆಯಾಗಬಹುದು. ‘ಹೇಳುವುದು’, ‘ಹೇಳುವಿಕೆ’, ‘ಹೇಳಿಕೆ’ ಮೂರೂ ಕ್ರಿಯೆಯಿಂದ ನಾಮವಾದವು, ಹಾಗಾಗಿ ಮೂರೂ ಪದಸಾಧನೆಯಾಗಬೇಕು. ಆದರೆ ಮೂರನ್ನೂ ಒಂದೇ ವಾಕ್ಯದಲ್ಲಿ ದುಡಿಸಿ ನೋಡಿದರೆ ಬೇರೆಯೇ ಕಾಣುತ್ತದೆ.

‘ಅವನು ಸುಳ್ಳನ್ನು ಸಲೀಸಾಗಿ ಹೇಳುವುದು ನನಗೆ ಸೇರದು.’ ಇಲ್ಲಿ ‘ಹೇಳುವುದು’ ಹೊರಗಿನಿಂದ ನೋಡಿದರೆ ನಾಮಪದ. ‘ಹೇಳುವುದನ್ನು’, ‘ಹೇಳುವುದಕ್ಕೆ’, ‘ಹೇಳುವುದರಿಂದ’ ಎಂದು ವಿಭಕ್ತಿ ಹೊರುತ್ತದೆ. ಒಳಗಡೆ ಮಾತ್ರ ಅದು ಪೂರ್ತಿ ಕ್ರಿಯಾಪದ: ‘ಅವನು’ ಪ್ರಥಮಾ ವಿಭಕ್ತಿಯಲ್ಲೇ ಇದ್ದಾನೆ, ‘ಸುಳ್ಳನ್ನು’ ಕರ್ಮವಾಗಿ ನಿಂತಿದೆ, ‘ಸಲೀಸಾಗಿ’ ಕ್ರಿಯಾವಿಶೇಷಣವಾಗಿ ಉಳಿದಿದೆ. ಕಾಲದ ವ್ಯತ್ಯಾಸವೂ ಅಳಿದಿಲ್ಲ. ‘ಹೇಳುವುದು’ ಪಕ್ಕದಲ್ಲಿ ‘ಹೇಳಿದ್ದು’, ‘ಹೇಳದ್ದು’ ಎಂದು ಮೂರು ಖಾನೆಗಳ ಪಂಕ್ತಿಯಿದೆ, ಮತ್ತು ಅದು ಎಲ್ಲ ಸಾಮಾನ್ಯ ಧಾತುಗಳಿಗೂ ಇದೆ. ಇನ್ನೂ ಗಟ್ಟಿಯಾದ ಸಾಕ್ಷ್ಯ ನಿಷೇಧದಲ್ಲಿದೆ. ‘ಅವನು ಹೇಳುತ್ತಾನೆ’ ಎಂಬುದನ್ನು ಅಲ್ಲಗಳೆಯಲು ನಾವು ಹೇಳುವುದು ‘ಅವನು ಹೇಳುವುದಿಲ್ಲ’ ಎಂದೇ. ಕ್ರಿಯಾಪದದ ದಿನನಿತ್ಯದ ನಿಷೇಧ ರೂಪವೇ ಈ ನಾಮದ ಮೇಲೆ ನಿಂತಿದೆ. ಧಾತುವಿನ ಸಂಸಾರದೊಳಗೆ ಇಷ್ಟು ಆಳವಾಗಿ ಬೇರೂರಿದ್ದನ್ನು ಬೇರೆ ಪದ ಎನ್ನುವುದು ಕಷ್ಟ.

‘ಹೇಳಿಕೆ’ ಎದುರು ತುದಿಯಲ್ಲಿದೆ. ‘ಅವನ ಹೇಳಿಕೆ’ ಎಂದು ಷಷ್ಠಿ ಬೇಕು, ‘ಅವನು ಹೇಳಿಕೆ’ ಎಂದರೆ ಏನೂ ಆಗದು. ‘ಸಲೀಸಾಗಿ ಹೇಳಿಕೆ’ ಸಲ್ಲದು, ‘ಸುಳ್ಳು ಹೇಳಿಕೆ’ ಎಂಬಲ್ಲಿ ‘ಸುಳ್ಳು’ ವಿಶೇಷಣ. ‘ಹೇಳಿಕೆಗಳು’ ಎಂದು ಬಹುವಚನವಾಗುತ್ತದೆ, ‘ಹೇಳುವುದುಗಳು’ ಎಂದು ಯಾರೂ ಅನ್ನುವುದಿಲ್ಲ. ಒಳಗೂ ಹೊರಗೂ ಅದು ನಾಮಪದವೇ.

ನಡುವೆ ನೇತಾಡುತ್ತಿರುವುದು ‘ಹೇಳುವಿಕೆ’. ‘ಅವನ ಸುಳ್ಳು ಹೇಳುವಿಕೆ’ ಎಂದರೆ ನಡೆಯುತ್ತದೆ, ‘ಅವನು ಸುಳ್ಳನ್ನು ಹೇಳುವಿಕೆ’ ಎಂದರೆ ಕಿವಿಗೆ ಚುಚ್ಚುತ್ತದೆ. ಅರ್ಥದಲ್ಲಿ ಅದು ‘ಹೇಳುವುದು’ ಅಷ್ಟೇ ನಂಬಿಕಸ್ಥ: ಹೇಳುವ ಕ್ರಿಯೆ, ಅದಕ್ಕಿಂತ ಹೆಚ್ಚೇನಿಲ್ಲ. ವ್ಯಾಪ್ತಿಯಲ್ಲೂ ಹಿಂದೆ ಬಿದ್ದಿಲ್ಲ. ‘ಮಾಡದಿರುವಿಕೆ’ ಎಂದು ನಿಷೇಧವನ್ನೂ ತಕ್ಕಮಟ್ಟಿಗೆ ಹೊರುತ್ತದೆ. ಆದರೆ ಭೂತಕಾಲದ ಜೋಡಿ ಇಲ್ಲ. ‘ಹೇಳಿದಿಕೆ’ ಎಂಬುದು ಹುಟ್ಟಲೇ ಇಲ್ಲ. ವಿಚಿತ್ರವೆಂದರೆ ‘ಹೇಳಿಕೆ’ಯಲ್ಲೂ ‘ಹೇಳುವಿಕೆ’ಯಲ್ಲೂ ಇರುವ ಪ್ರತ್ಯಯ ಒಂದೇ ‘-ಇಕೆ’. ಅದು ಬರಿಯ ಧಾತುವಿಗೆ ಅಂಟಿದಾಗ ಅರ್ಥ ಅಲೆಯುತ್ತದೆ, ‘ಹೇಳುವ’ ಎಂಬ ರೂಪಕ್ಕೆ ಅಂಟಿದಾಗ ಸ್ಥಿರವಾಗಿ ನಿಲ್ಲುತ್ತದೆ.

ಪದವರ್ಗವನ್ನು ಬದಲಿಸುವ ರೂಪಸಾಧನೆಯೂ ಇರಬಹುದು ಎಂದು ಮಾರ್ಟಿನ್ ಹಾಸ್ಪೆಲ್‌ಮಾತ್ 1996ರಲ್ಲಿ ವಾದಿಸಿದಾಗ ಅವರ ಮುಂದಿದ್ದದ್ದು ಇದೇ ಬಗೆಯ ಕ್ರಿಯಾನಾಮಗಳು. ಕಾಕಸಸ್ ಪ್ರದೇಶದ ಲೆಜ್ಗಿಯನ್ ಭಾಷೆಯ ಕ್ರಿಯಾನಾಮವೂ ತನ್ನ ಕರ್ತೃ, ಕರ್ಮ, ಕ್ರಿಯಾವಿಶೇಷಣಗಳನ್ನು ಕ್ರಿಯಾಪದದಂತೆಯೇ ಇಟ್ಟುಕೊಳ್ಳುತ್ತದೆ. ಪ್ರತ್ಯಯ ಹೆಚ್ಚು ರೂಪಸಾಧನೆಯಂತಿದ್ದಷ್ಟೂ ಮೂಲ ಪದದ ಒಳಸಂಬಂಧಗಳು ಹೆಚ್ಚು ಉಳಿಯುತ್ತವೆ, ಪದಸಾಧನೆಯಂತಾದಷ್ಟೂ ಅಳಿಯುತ್ತವೆ ಎಂಬುದು ಅವರು ಗುರುತಿಸಿದ ಒಲವು. ನಮ್ಮ ಮೂರು ಪದಗಳು ಅದೇ ಕ್ರಮದಲ್ಲಿ ಸಾಲಾಗಿ ನಿಂತಿವೆ.

‘ಹೇಳುವಿಕೆ’ ಗ್ರೀನ್‌ಬರ್ಗ್ ಅವರ ನಿಯಮಕ್ಕೂ ಕಿರಿಕಿರಿ. ‘ಹೇಳುವ’ ಎಂಬಲ್ಲಿ ಕಾಲಸೂಚಕ ಈಗಾಗಲೇ ಬಂದಾಗಿದೆ, ‘-ಇಕೆ’ ಅದರ ಹೊರಗೆ. ‘ಕೈಲಾಗದತನ’ ಎಂಬ ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಹೊಟ್ಟೆಯಲ್ಲಿ ಸಪ್ತಮೀ ವಿಭಕ್ತಿಯೂ ನಿಷೇಧ ಕೃದಂತವೂ ಇವೆ, ಎಲ್ಲದರ ಹೊರಗೆ ಪದಸಾಧನೆಯ ‘-ತನ’. ಇಂಥ ಪದಗಳನ್ನು ಅಪವಾದವೆಂದು ತಳ್ಳುವ ಬದಲು ಡಚ್ ವಿದ್ವಾಂಸ ಗೀರ್ಟ್ ಬೋಯ್ 1996ರಲ್ಲಿ ರೂಪಸಾಧನೆಯನ್ನೇ ಎರಡಾಗಿ ಸೀಳಿದರು. ವಾಕ್ಯದ ಬೇರೆ ಪದಗಳು ಹೇರುವ ರೂಪ ಒಂದು, ಉದಾಹರಣೆಗೆ ‘ಹೇಳಿದಳು’ ಎಂಬುದರ ಸ್ತ್ರೀಲಿಂಗದ ತುದಿ. ಮಾತನಾಡುವವರು ಅರ್ಥಕ್ಕಾಗಿ ತಾವೇ ಆರಿಸುವ ರೂಪ ಇನ್ನೊಂದು, ಕಾಲ, ಬಹುವಚನ, ಸ್ಥಳ ಹೇಳುವ ವಿಭಕ್ತಿ ಇಂಥವು. ಎರಡನೆಯದು ಪದಸಾಧನೆಗೆ ಹತ್ತಿರ, ಆದ್ದರಿಂದ ಹೊಸ ಪದದ ಒಳಗೆ ನುಸುಳಬಲ್ಲದು. ಮೊದಲನೆಯದಕ್ಕೆ ಅದು ಸಾಧ್ಯವಿಲ್ಲ. ‘ಕೈಲಾಗದತನ’ ಈ ಭವಿಷ್ಯವಾಣಿಗೆ ಒಪ್ಪುತ್ತದೆ: ಒಳಗಿರುವುದು ಸಪ್ತಮಿ ಮತ್ತು ನಿಷೇಧ, ಎರಡೂ ಅರ್ಥಕ್ಕಾಗಿ ಆರಿಸಿದವು. ‘ಹೇಳುತ್ತಾಳೆ’ ಎಂಬುದಕ್ಕೆ ‘-ತನ’ ಹಚ್ಚಲು ಹೋಗಿ, ಆಗುವುದಿಲ್ಲ.

ಪರೀಕ್ಷೆಗಳು ಬಹುಪಾಲು ಜೊತೆಯಲ್ಲೇ ಸಾಗುವುದೇಕೆ

ಇಷ್ಟು ಒಡಕುಗಳನ್ನು ತೋರಿಸಿದ ಮೇಲೆ ಎದುರು ಪ್ರಶ್ನೆಯನ್ನೂ ಕೇಳಲೇಬೇಕು. ಒತ್ತಾಯ, ವ್ಯಾಪ್ತಿ, ಅರ್ಥದ ಸ್ಥಿರತೆ, ಜಾಗ, ಇವು ಒಂದಕ್ಕೊಂದು ಸಂಬಂಧವಿಲ್ಲದ ಗುಣಗಳು. ಆದರೂ ಹೆಚ್ಚಿನ ಪ್ರತ್ಯಯಗಳಲ್ಲಿ ಅವು ಒಟ್ಟಿಗೇ ಇರುತ್ತವೆ. ಅದು ಆಕಸ್ಮಿಕವಲ್ಲ. ಜೋನ್ ಬೈಬಿ 1985ರಲ್ಲಿ 50 ಭಾಷೆಗಳ ಕ್ರಿಯಾಪದಗಳನ್ನು ಹೋಲಿಸಿ ಕೊಟ್ಟ ವಿವರಣೆ ನನಗೆ ಈಗಲೂ ಎಲ್ಲಕ್ಕಿಂತ ಮೇಲೆನಿಸುತ್ತದೆ. ಅವರು ನೋಡಿದ್ದು ಪ್ರತ್ಯಯದ ಅರ್ಥ ಧಾತುವಿನ ಅರ್ಥವನ್ನು ಎಷ್ಟು ನೇರವಾಗಿ ಮುಟ್ಟುತ್ತದೆ ಎಂಬುದನ್ನು. ಮಾಡಿದವನು ಗಂಡೋ ಹೆಣ್ಣೋ ಎಂಬುದು ಮಾಡುವ ಕೆಲಸವನ್ನು ಕಿಂಚಿತ್ತೂ ಬದಲಿಸುವುದಿಲ್ಲ. ನಿನ್ನೆಯೋ ನಾಳೆಯೋ ಎಂಬುದು ಸ್ವಲ್ಪ ಹತ್ತಿರ ಬರುತ್ತದೆ. ಆದರೆ ‘ಮಲಗು’, ‘ಮಲಗಿಸು’ ಎರಡು ಬೇರೆ ಘಟನೆಗಳು, ಪಾತ್ರಧಾರಿಗಳ ಸಂಖ್ಯೆಯೇ ಬೇರೆ. ಹೀಗೆ ಧಾತುವಿನೊಳಕ್ಕೆ ಇಳಿಯುವ ಅರ್ಥ ಧಾತುವಿನ ಜೊತೆ ಬೆರೆತು ಒಂದೇ ಆಗಿ ನೆನಪಿನಲ್ಲಿ ಉಳಿಯುತ್ತದೆ, ಹಾಗೆ ಉಳಿದದ್ದು ತನ್ನ ದಾರಿ ತಾನು ಹಿಡಿಯುತ್ತದೆ. ಅಂಥ ಅರ್ಥ ಎಲ್ಲ ಧಾತುಗಳಿಗೂ ಹೊಂದುವುದೂ ಕಷ್ಟ. ಧಾತುವನ್ನು ಮುಟ್ಟದ ಅರ್ಥಕ್ಕೆ ಎಲ್ಲ ಧಾತುಗಳೂ ಒಂದೇ.

ಹೀಗಾಗಿ ನಾಲ್ಕು ಪರೀಕ್ಷೆಗಳಲ್ಲೂ ‘-ಇಸು’ ಪದಸಾಧನೆ ಎಂದು ಬಂದರೆ ನಾಲ್ಕು ಸ್ವತಂತ್ರ ಸಾಕ್ಷಿಗಳು ಸಿಕ್ಕಿದವೆಂದು ಬೀಗುವ ಹಾಗಿಲ್ಲ. ಒಂದೇ ಕಾರಣ ನಾಲ್ಕು ಕಡೆ ಕಾಣಿಸಿಕೊಂಡಿರಬಹುದು. ಪರೀಕ್ಷೆಗಳಿಗೆ ಅಂಕ ಕೊಟ್ಟು ಕೂಡಿಸುವ ಬರಹಗಳು ಎಡವುವುದು ಇಲ್ಲೇ. ಧಾತುವನ್ನು ಮುಟ್ಟುವ ಬಗೆಯಲ್ಲಿ ಮೆಟ್ಟಿಲುಗಳಿರುವುದರಿಂದ ಫಲಿತಾಂಶದಲ್ಲೂ ಮೆಟ್ಟಿಲುಗಳು ಇದ್ದೇ ಇರುತ್ತವೆ. ಪ್ರೇರಣಾರ್ಥಕ ಬೈಬಿ ಅವರ ಸಾಲಿನಲ್ಲಿ ಧಾತುವಿಗೆ ತೀರ ಹತ್ತಿರ ನಿಲ್ಲುತ್ತದೆ, ಆದರೂ ಎಲ್ಲ ಭಾಷೆಗಳಲ್ಲೂ ಒಂದೇ ತೆರನಲ್ಲ. ಟರ್ಕಿಶ್ ಭಾಷೆಯಲ್ಲಿ ‘ಸಾಯು’ ಎಂಬರ್ಥದ ‘ಓಲ್’, ಅದರಿಂದ ‘ಕೊಲ್ಲು’ ಎಂಬ ‘ಓಲ್‌ದುರ್’, ಅದರ ಮೇಲೆ ಮತ್ತೆ ಪ್ರೇರಣಾರ್ಥಕ ಹತ್ತಿ ‘ಕೊಲ್ಲಿಸು’ ಎಂಬ ‘ಓಲ್‌ದುರ್ತ್’ ಬರುತ್ತದೆ. ಕನ್ನಡದಲ್ಲಿ ‘ಮಾಡಿಸಿಸು’ ಎಂದು ಪ್ರತ್ಯಯವನ್ನು ಪೇರಿಸುವುದಿಲ್ಲ.

ಎಣಿಸಿ ನೋಡಿದರೆ

ಈಚಿನ ವರ್ಷಗಳಲ್ಲಿ ಈ ಚರ್ಚೆ ಒಳನೋಟದಿಂದ ಅಳತೆಯತ್ತ ಹೊರಳಿದೆ. ಒಂದು ಪದ ಯಾವ ಯಾವ ಪದಗಳ ನೆರೆಯಲ್ಲಿ ಬರುತ್ತದೆ ಎಂಬುದನ್ನು ದೊಡ್ಡ ಪಠ್ಯರಾಶಿಯಿಂದ ಎಣಿಸಿ ಆ ಪದಕ್ಕೆ ಒಂದು ಸಂಖ್ಯಾಸಾಲು ಕೊಡಬಹುದು. ‘ಹೇಳುತ್ತಾನೆ’ ಎಂಬುದರ ಸಾಲಿನಿಂದ ‘ಹೇಳಿದನು’ ಎಂಬುದರ ಸಾಲಿಗೆ ಇರುವ ಅಂತರ, ‘ಓದುತ್ತಾನೆ’ಯಿಂದ ‘ಓದಿದನು’ವಿಗೆ ಇರುವ ಅಂತರ, ಇವು ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಇರಬೇಕೆಂಬುದು ನಿರೀಕ್ಷೆ. ‘ಬೇಡು’ವಿನಿಂದ ‘ಬೇಡಿಕೆ’ಗೆ, ‘ಕಲಿ’ಯಿಂದ ‘ಕಲಿಕೆ’ಗೆ ಹೋಗುವ ಅಂತರಗಳು ಚದುರಬೇಕು. ಒಲಿವಿಯೆ ಬೊನಾಮಿ ಮತ್ತು ಡೆನಿಸ್ ಪಪೆರ್ನೊ 2018ರಲ್ಲಿ ಫ್ರೆಂಚ್ ಪಠ್ಯಗಳ ಮೇಲೆ ಇದನ್ನು ಮಾಡಿ, ರೂಪಸಾಧನೆಯ ಅಂತರಗಳು ಪದಸಾಧನೆಯವಕ್ಕಿಂತ ಸ್ಥಿರ ಎಂದು ತೋರಿಸಿದರು.

ಕೋಲ್‌ಮನ್ ಹೇಲಿ, ಎಡೊಆರ್ಡೊ ಪೊಂಟಿ, ಶರಾನ್ ಗೋಲ್ಡ್‌ವಾಟರ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು 26 ಭಾಷೆಗಳಿಗೆ ವಿಸ್ತರಿಸಿತು. ಅವರು ಅಳೆದದ್ದು ನಾಲ್ಕನ್ನು: ರೂಪ ಎಷ್ಟು ಬದಲಾಗುತ್ತದೆ, ಆ ಬದಲಾವಣೆ ಪದದಿಂದ ಪದಕ್ಕೆ ಎಷ್ಟು ಏರುಪೇರಾಗುತ್ತದೆ, ಬಳಕೆಯ ನೆರೆ ಎಷ್ಟು ಬದಲಾಗುತ್ತದೆ, ಅದು ಎಷ್ಟು ಏರುಪೇರಾಗುತ್ತದೆ. ಹಿಂದೆ ‘ಬಿದ್ದನು’, ‘ಬೇಡಿಕೆ’ಗಳಲ್ಲಿ ಕಂಡ ಓರೆಯೇ ಇಲ್ಲಿ ಸಂಖ್ಯೆಯಾಗಿದೆ. ಯೂನಿಮಾರ್ಫ್ ಎಂಬ ದತ್ತಾಂಶ ಸಂಗ್ರಹದಲ್ಲಿ ರೂಪಸಾಧನೆ, ಪದಸಾಧನೆ ಎಂದು ಮೊದಲೇ ಗುರುತು ಹಾಕಿದ ರಚನೆಗಳಲ್ಲಿ ಸುಮಾರು 89 ಶೇಕಡಾವನ್ನು ಈ ನಾಲ್ಕು ಅಳತೆಗಳಿಂದಲೇ ಸರಿಯಾಗಿ ವಿಂಗಡಿಸಬಹುದಾಯಿತು. ಎರಡು ಗುಂಪುಗಳ ನಡುವೆ ಮಾತ್ರ ಖಾಲಿ ಬಯಲು ಇರಲಿಲ್ಲ. ಗಡಿಯ ಬಳಿ ಬಹಳಷ್ಟು ರಚನೆಗಳು ಒತ್ತಿಕೊಂಡು ನಿಂತಿದ್ದವು.

ಈ ಫಲಿತಾಂಶವನ್ನು ಓದುವಾಗ ಒಂದು ಎಚ್ಚರ ಬೇಕು. ಯೂನಿಮಾರ್ಫ್‌ನ ಗುರುತುಗಳು ಬಹುಮಟ್ಟಿಗೆ ವಿಕ್ಷನರಿಯಂಥ ನಿಘಂಟುಗಳ ಪರಂಪರೆಯಿಂದ ಬಂದವು, ಅಂದರೆ ವ್ಯಾಕರಣಕಾರರೂ ನಿಘಂಟುಕಾರರೂ ಎಳೆದ ಗೆರೆಗಳೇ. ಆ 89 ಅಳೆಯುವುದು ಪರಂಪರೆಯ ಜೊತೆಗಿನ ಒಪ್ಪಿಗೆಯನ್ನು. ಪರಂಪರೆ ಯಾವುದೋ ನಿಜವಾದ ಗುಣವನ್ನು ಹಿಡಿದಿದೆ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷ್ಯ. ಮನಸ್ಸಿನಲ್ಲಿ ಎರಡು ಬೇರೆ ಯಂತ್ರಗಳಿವೆ ಎಂಬುದಕ್ಕೆ ಸಾಕ್ಷ್ಯವಲ್ಲ. ಹಾಸ್ಪೆಲ್‌ಮಾತ್ ಈಗ ಇನ್ನೂ ಕಟುವಾದ ನಿಲುವಿಗೆ ಬಂದಿದ್ದಾರೆ. ಈ ಜೋಡಿ ಸಾಂಪ್ರದಾಯಿಕವಾದದ್ದು, ಭಾಷೆಗಳನ್ನು ಹೋಲಿಸುವಾಗ ಬಳಸಬಹುದಾದ ಅನುಕೂಲ, ಅದಕ್ಕಿಂತ ಆಳದ ಹಕ್ಕು ಅದಕ್ಕಿಲ್ಲ ಎಂಬುದು ಅವರ ವಾದ. ನಾನು ಅಷ್ಟು ದೂರ ಹೋಗಲಾರೆ, ಏಕೆಂದರೆ ಬೈಬಿ ಅವರ ಕಾರಣ ನಿಘಂಟಿನ ಪರಂಪರೆಯನ್ನು ಅವಲಂಬಿಸಿಲ್ಲ.

ಕನ್ನಡ ಪಠ್ಯವನ್ನು ಯಂತ್ರಕ್ಕೆ ಓದಿಸುವವರಿಗೆ ಈ ಪ್ರಶ್ನೆ ಕೆಲಸದ ಮೇಜಿನ ಮೇಲೇ ಇದೆ. ‘ಬರೆಸಿದಳು’ ಎಂಬುದರ ಮೂಲರೂಪ ‘ಬರೆ’ ಎಂದು ಗುರುತು ಹಾಕಬೇಕೋ ‘ಬರೆಸು’ ಎಂದೋ? ಯೂನಿವರ್ಸಲ್ ಡಿಪೆಂಡೆನ್ಸೀಸ್ ಎಂಬ ಗುರುತು ಪದ್ಧತಿಯಲ್ಲಿ ಪ್ರೇರಣಾರ್ಥಕಕ್ಕೆ `Voice=Cau` ಎಂಬ ಲಕ್ಷಣವಿದೆ. ಅಂದರೆ ಅದನ್ನು ರೂಪವೆಂದು ಪರಿಗಣಿಸಿ ಮೂಲಕ್ಕೆ ಇಳಿಸುವ ದಾರಿ ತೆರೆದಿದೆ. ಮೇಲಿನ ವಿಚಾರಣೆಯನ್ನು ಒಪ್ಪುವುದಾದರೆ ಎಲ್ಲ ‘-ಇಸು’ಗಳಿಗೂ ಒಂದೇ ನಿಯಮ ಸಲ್ಲದು. ‘ಬರೆಸು’, ‘ಓದಿಸು’, ‘ತರಿಸು’ಗಳನ್ನು ಆ ಲಕ್ಷಣದೊಂದಿಗೆ ‘ಬರೆ’, ‘ಓದು’, ‘ತರು’ಗಳಿಗೆ ಇಳಿಸಬಹುದು, ‘-ಇಂದ’ ಹೊತ್ತವನು ಯಾರೆಂದು ಆಗ ಯಂತ್ರಕ್ಕೂ ತಿಳಿಯುತ್ತದೆ. ‘ಕಾಣಿಸು’, ‘ಅನಿಸು’, ‘ನಡೆಸು’ಗಳನ್ನು ಹಾಗೆ ಇಳಿಸಿದರೆ ‘ಗುಡ್ಡ ಕಾಣಿಸಿತು’ ಎಂಬ ವಾಕ್ಯದಲ್ಲಿ ಗುಡ್ಡವು ಯಾರಿಗೋ ಏನನ್ನೋ ತೋರಿಸಿತು ಎಂದು ದಾಖಲಾಗುತ್ತದೆ. ‘ಕೇಳಿಸು’ ಎರಡು ಕಡೆಯೂ ಸಲ್ಲುವುದರಿಂದ ಅದನ್ನು ವಾಕ್ಯ ನೋಡಿಯೇ ಗುರುತು ಹಾಕಬೇಕಾಗುತ್ತದೆ.